ಕುಡಿಯುವವರ ರಕ್ತಹೀನತೆಗೆ ಕಬ್ಬಿಣದ ಟಾನಿಕ್ ಯಾಕೆ ಹಿಡಿಯುವುದಿಲ್ಲ?

ಪ್ರಶ್ನೆ: ಅಪ್ಪನಿಗೆ 52 ವರ್ಷ. ಹಲವು ವರ್ಷದಿಂದ ದಿನಾ ರಾತ್ರಿ ಒಂದು ಕ್ವಾರ್ಟರ್ ಕುಡಿಯುತ್ತಾರೆ. ರಕ್ತ ಕಮ್ಮಿ ಅಂದಿದ್ದಾರೆ, ಎರಡೂ ಪಾದ ಜುಂ ಅನ್ನುತ್ತದೆ. ಮೂರು ತಿಂಗಳಿಂದ ಕಬ್ಬಿಣದ ಟಾನಿಕ್, ಬೀಟ್‌ರೂಟ್, ಖರ್ಜೂರ ಕೊಡುತ್ತಿದ್ದೇವೆ. ರಕ್ತ ಏರಿದರೆ ಪಾದ ಸರಿಹೋಗುತ್ತದಲ್ಲವೇ?

ಉತ್ತರ: ಇಲ್ಲ. ಹೆಸರು, ವಯಸ್ಸು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ರಕ್ತ ಕಮ್ಮಿ ಅಂದರೆ ಕಬ್ಬಿಣ ಕಮ್ಮಿ, ರಕ್ತ ಪಾದಕ್ಕೆ ಇಳಿಯದೆ ಜೋಮು’ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ಅದರ ಎರಡು ಭಾಗವೂ ತಪ್ಪು.

ಮೊದಲು ರಕ್ತದ ರಿಪೋರ್ಟ್ ತೆಗೆಯಿರಿ. ಎಲ್ಲರ ಕಣ್ಣೂ ಹಿಮೋಗ್ಲೋಬಿನ್ ಮೇಲೇ ಇರುತ್ತದೆ. ಅದರ ಕೆಳಗೆ ಎಂಸಿವಿ ಎಂಬ ಸಾಲಿದೆ, ಅದನ್ನು ಓದಿ. ಅದು ಕೆಂಪುಕಣದ ಸರಾಸರಿ ಗಾತ್ರ. ಮಾಮೂಲಿ 80ರಿಂದ 100. ಕಬ್ಬಿಣ ಕಮ್ಮಿಯಾದರೆ ಕಣ ಸಣ್ಣದಾಗಿ ಈ ಅಂಕಿ 80ಕ್ಕಿಂತ ಕೆಳಗಿಳಿಯುತ್ತದೆ. ಹಿಮೋಗ್ಲೋಬಿನ್ 9, ಎಂಸಿವಿ 114 ಇದೆ ಅನ್ನಿ: ಕಣ ಊದಿಕೊಂಡಿದೆ, ಇದು ಬರೀ ಕಬ್ಬಿಣದ ಕೊರತೆಯಲ್ಲ. ಕುಡಿತವೊಂದೇ ಎಂಸಿವಿಯನ್ನು 100ರ ಮೇಲೆ ತಳ್ಳಬಲ್ಲದು. 110 ದಾಟಿದ್ದು, ಸೂಕ್ಷ್ಮದರ್ಶಕದಡಿ ನೋಡುವ ರಕ್ತದ ಸ್ಮಿಯರ್‌ನಲ್ಲಿ ದೊಡ್ಡ ಮೊಟ್ಟೆಯಾಕಾರದ ಕೆಂಪುಕಣಗಳೂ ಐದಾರು ತುಂಡಿನ ಕೋಶಕೇಂದ್ರವಿರುವ ಬಿಳಿಕಣಗಳೂ ಕಂಡರೆ ಫೋಲೇಟ್ ಎಂಬ ಬಿ ವಿಟಮಿನ್ ಅಥವಾ ಬಿ12 ಕೊರತೆ ಎಂದೇ ಅನುಮಾನಿಸಬೇಕು. ಮಜ್ಜೆಯಲ್ಲಿ ಹೊಸ ಕಣ ಒಡೆದು ಎರಡಾಗಲು ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲೇಟ್ ಬೇಕು. ಅದಿಲ್ಲದೆ ಕಣ ಬೆಳೆಯುತ್ತಲೇ ಹೋಗುತ್ತದೆ, ಒಡೆಯುವುದಿಲ್ಲ. ಇಲ್ಲಿ ಎಷ್ಟು ಕಬ್ಬಿಣ ಸುರಿದರೂ ಕೆಲಸ ಮುಂದೆ ಸಾಗುವುದಿಲ್ಲ. ಮೇಲಾಗಿ ಕುಡಿಯುವವರ ಲಿವರ್‌ನಲ್ಲಿ ಕಬ್ಬಿಣ ಹೆಚ್ಚಾಗಿಯೇ ಕೂತಿರಬಹುದು. ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ನೋಡದೆ ಟಾನಿಕ್ ಕೊಡುವುದು ಸರಿಯಲ್ಲ. ಆದರೆ ಮಲ ಟಾರಿನಂತೆ ಕಪ್ಪಾಗಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಆಗ ಕಬ್ಬಿಣ, ಫೋಲೇಟ್ ಎರಡರ ಕೊರತೆಯೂ ಸೇರಿ ಎಂಸಿವಿ ಮಾಮೂಲಿಯಂತೆ ಕಂಡು ಮೋಸ ಮಾಡುತ್ತದೆ. ಕಬ್ಬಿಣದ ಟಾನಿಕ್‌ನಿಂದಲೂ ಮಲ ಕಪ್ಪಾಗುತ್ತದೆ. ಹಾಗಂತ ಅದರ ಮೇಲೆ ಹಾಕಿ ಸುಮ್ಮನಿರಬೇಡಿ, ತೋರಿಸಿ.

ಫೋಲೇಟ್ ಹೋಗುವುದೆಲ್ಲಿಗೆ? 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್, ಅಂದರೆ 400ಕ್ಕೂ ಹೆಚ್ಚು ಕ್ಯಾಲೊರಿ. ಹಸಿವು ಅಲ್ಲಿಗೇ ಸಾಯುತ್ತದೆ. ಖಾರದ ಕಡಲೆಬೀಜ, ಮಿಕ್ಸ್ಚರ್ ತಿಂದು ಮಲಗಿದವರಿಗೆ ಸೊಪ್ಪು, ಕಾಳು ಸೇರುವುದಿಲ್ಲ. ತಿಂದದ್ದನ್ನೂ ಕರುಳು ಸರಿಯಾಗಿ ಹೀರುವುದಿಲ್ಲ, ಲಿವರ್ ಸಂಗ್ರಹ ಹಿಡಿದಿಡುವುದಿಲ್ಲ, ಮೂತ್ರದಲ್ಲಿ ಹೆಚ್ಚು ಹೋಗುತ್ತದೆ. ಸಾಮಾನ್ಯರಿಗೆ ಮೂರು ನಾಲ್ಕು ತಿಂಗಳು ಬರುವ ದಾಸ್ತಾನು ಇವರಲ್ಲಿ ವಾರಗಳಲ್ಲೇ ಖಾಲಿ. (ಊಟದಲ್ಲಿ ಕೊಡುವುದಾದರೆ ಬಸ್ಸಾರು ಒಳ್ಳೆಯದು. ಫೋಲೇಟ್ ನೀರಿಗಿಳಿಯುತ್ತದೆ, ಬಸ್ಸಾರಿನಲ್ಲಿ ಆ ಬಸಿದ ನೀರನ್ನು ನಾವು ಚೆಲ್ಲುವುದಿಲ್ಲ.)

ಇನ್ನು ಪಾದ. ಅದು ರಕ್ತ ಇಳಿಯದ್ದರಿಂದ ಬಂದದ್ದಲ್ಲ. ರಕ್ತನಾಳ ಕಟ್ಟಿದ್ದರೆ ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ಇಳಿಯುತ್ತದೆ. ಇದು ಹಾಗಲ್ಲ: ಎರಡೂ ಪಾದದ ಬೆರಳ ತುದಿಯಿಂದ ಸಮನಾಗಿ ಶುರುವಾಗಿ, ಕಾಲುಚೀಲ ಎಳೆದಂತೆ ಮೇಲೇರುತ್ತದೆ. ರಾತ್ರಿ ಉರಿ, ಚಪ್ಪಲಿ ಜಾರಿದ್ದೂ ಗೊತ್ತಾಗದಿರುವುದು, ಕಣ್ಣು ಮುಚ್ಚಿ ಮುಖ ತೊಳೆಯುವಾಗ ಓಲಾಡುವುದು. ಅತಿ ಉದ್ದದ ನರಗಳೇ ಮೊದಲು ಸೋಲುತ್ತವೆ. ಆಲ್ಕೋಹಾಲ್ ನೇರವಾಗಿ ನರಕ್ಕೆ ವಿಷ. ಜೊತೆಗೆ ಥಯಾಮಿನ್, ಅಂದರೆ ಬಿ1, ಕೊರತೆ. ಫೋಲೇಟ್ ಕೊರತೆಯೂ ಕೈಜೋಡಿಸಬಹುದು. ರಕ್ತಹೀನತೆಯೂ ಜೋಮೂ ಒಂದೇ ಕುಡಿತದ ಎರಡು ಫಲ. ಮೊದಲನೆಯದರಿಂದ ಎರಡನೆಯದು ಬಂದದ್ದಲ್ಲ.

ಆದ್ದರಿಂದ ಫೋಲೇಟ್ ಕೊರತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನೂ ನೀವೇ ಅಂಗಡಿಯಿಂದ ತಂದು ಶುರುಮಾಡಬೇಡಿ. ಬಿ12 ಕೊರತೆಯಿದ್ದರೆ, ಸಸ್ಯಾಹಾರಿಗಳಲ್ಲಿ ಅದು ಅಪರೂಪವಲ್ಲ, ಬರೀ ಫೋಲಿಕ್ ಆಮ್ಲದಿಂದ ರಕ್ತದ ರಿಪೋರ್ಟ್ ಚೆನ್ನಾಗಿ, ನರ ಮಾತ್ರ ಒಳಗೊಳಗೇ ಕೆಡುತ್ತಾ ಹೋಗುತ್ತದೆ. ಬಿ12, ಫೋಲೇಟ್, ಫೆರಿಟಿನ್, ಸಕ್ಕರೆ, ಲಿವರ್ ಪರೀಕ್ಷೆಗೆ ರಕ್ತ ಕೊಟ್ಟ ನಂತರವೇ ಔಷಧ. ಕುಡಿತ ನಿಂತರೆ ಎಂಸಿವಿ ಇಳಿಯಲು ಎರಡರಿಂದ ನಾಲ್ಕು ತಿಂಗಳು ಬೇಕು. ನರಕ್ಕೆ ಅದಕ್ಕಿಂತ ಹೆಚ್ಚು, ಪೂರ್ತಿ ಮರಳದೆಯೂ ಇರಬಹುದು. ದಿನಾ ಕುಡಿಯುವವರು ವೈದ್ಯರ ನಿಗಾ ಇಲ್ಲದೆ ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ವ್ಯಸನ ಚಿಕಿತ್ಸಾ ವಿಭಾಗವಿದೆ.

ನೀವು ಕೇಳದ ಒಂದು ಮಾತು. ಸುಸ್ತೆಂದು ಗಲ್ಲಿ ಕ್ಲಿನಿಕ್‌ಗೆ ಹೋಗಿ ‘ಒಂದು ಗ್ಲೂಕೋಸ್ ಬಾಟಲ್ ಹಾಕಿ’ ಎಂದು ಕೇಳುವವರು ಬಹಳ. ಗ್ಲೂಕೋಸ್ ಅರಗಿಸಲು ಥಯಾಮಿನ್ ಬೇಕು. ಮೊದಲೇ ಬರಿದಾದ ಮೈಗೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಆದ್ದರಿಂದ ‘ದಿನಾ ಕುಡಿಯುತ್ತಾರೆ’ ಎಂದು ಮುಚ್ಚಿಡದೆ ಹೇಳಿ, ಥಯಾಮಿನ್ ಇಂಜೆಕ್ಷನ್ ಮೊದಲು ಕೊಡುತ್ತೀರಾ ಎಂದು ಕೇಳಿ. ಮಾತು ಗೊಂದಲ, ಎರಡೆರಡು ಕಾಣುವುದು, ಕಾಲು ತೂರಾಡುವುದು, ಇವುಗಳಲ್ಲಿ ಒಂದು ಕಂಡರೂ ಕ್ಲಿನಿಕ್ ಬೇಡ, ಅದೇ ದಿನ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.