ರಾತ್ರಿ ಇಷ್ಟು ನೀರು ಎಲ್ಲಿಂದ ಬಂತು?

ಡಿಸೆಂಬರ್ ಬಂತೆಂದರೆ ಬೆಳಗ್ಗೆ ಆರಕ್ಕೇ ನನ್ನ ಫೋನ್ ಶುರು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಕೃಷಿ ಹವಾಮಾನ ನನ್ನ ಕೆಲಸ, ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ. "ಸರ್, ಮೊಬೈಲ್‌ನ್ಯಾಗ ತೇವಾಂಶ 93 ತೋರ್ಸಾಕತ್ತೈತ್ರಿ. ನಿನ್ನೆ ಮಧ್ಯಾಹ್ನ 40 ಇತ್ತು. ರಾತ್ರಿ ಇಷ್ಟು ನೀರು ಎಲ್ಲಿಂದ ಬಂತ್ರಿ?"

ಎಲ್ಲಿಂದಲೂ ಬಂದಿಲ್ಲ. ನೀರು ಅಷ್ಟೇ ಇದೆ, ಗಾಳಿ ತಣ್ಣಗಾಗಿದೆ.

ಆ ಶೇಕಡಾ ಲೆಕ್ಕ ನೀರಿನ ಅಳತೆಯೇ ಅಲ್ಲ. ಆ ಉಷ್ಣತೆಯಲ್ಲಿ ಹೆಚ್ಚೆಂದರೆ ಎಷ್ಟು ಆವಿ ಇರಬಹುದೋ, ಅದರಲ್ಲಿ ಎಷ್ಟು ಪಾಲು ಇದೆ ಅನ್ನೋದು. ವಿಜಯಪುರದ ಎತ್ತರದಲ್ಲಿ, 30 ಡಿಗ್ರಿ ಬಿಸಿಲಿನಲ್ಲಿ, ಒಂದು ಕೆಜಿ ಗಾಳಿಯಲ್ಲಿ ಸುಮಾರು 29 ಗ್ರಾಂ ಆವಿ ಇರಬಹುದು. 40ರ ಪಾಲು ಅಂದರೆ ಹನ್ನೊಂದೂವರೆ ಗ್ರಾಂ ಆಸುಪಾಸು. ಬೆಳಗಿನ 16 ಡಿಗ್ರಿಗೆ ಆ ಮಿತಿಯೇ ಹನ್ನೆರಡು ಗ್ರಾಂ ಚಿಲ್ಲರೆಗೆ ಇಳಿಯುತ್ತದೆ. ಅದೇ ಹನ್ನೊಂದೂವರೆ ಗ್ರಾಂ ಈಗ 93 ಆಗಿ ಕಾಣುತ್ತದೆ, ಅಷ್ಟೇ.

ಇನ್ನೊಂದು ಡಿಗ್ರಿ ಇಳಿದು 15 ಆದರೆ ಪಾಲು ನೂರು. ಆ 15 ಇದೆಯಲ್ಲ, ಅದೇ ಇಬ್ಬನಿ ಬಿಂದು. ನೀವು ನೋಡಬೇಕಾದ್ದು ಅದನ್ನ.

"ಗಾಳಿ 16ರಲ್ಲೇ ನಿಂತಿದೆ, ಮತ್ತೆ ಎಲೆ ಯಾಕೆ ಒದ್ದೆ?" ಅಂತ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಮೋಡವಿಲ್ಲದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಂಡು ಗಾಳಿಗಿಂತ ಎರಡು ಮೂರು ಡಿಗ್ರಿ ಜಾಸ್ತಿ ತಣ್ಣಗಾಗುತ್ತದೆ. ಗಾಳಿ 16, ಎಲೆ 13. ತಾಗಿದ ಆವಿ ಅಲ್ಲೇ ಹನಿಯಾಗುತ್ತದೆ. ಇಬ್ಬನಿ ಮೇಲಿಂದ ಬೀಳೋದಲ್ಲ, ಎಲೆಯ ಮೇಲೇ ಕಟ್ಟೋದು. ಮೋಡ ಇದ್ದರೆ ಅದು ಶಾಖವನ್ನು ವಾಪಸ್ ಕಳಿಸುತ್ತದೆ, ಗಾಳಿ ಬೀಸಿದರೆ ಎಲೆಗೆ ಬೆಚ್ಚಗಿನ ಗಾಳಿ ತಾಗುತ್ತಲೇ ಇರುತ್ತದೆ. ಆ ರಾತ್ರಿಗಳಲ್ಲಿ ಇಬ್ಬನಿ ಕಡಿಮೆ.

ಎಲೆ ಮಾತ್ರವಲ್ಲ, ನೆಲದ ಹತ್ತಿರದ ಗಾಳಿಯೇ 15ಕ್ಕೆ ಇಳಿದರೆ ಆವಿ ಧೂಳಿನ ಕಣ ಹಿಡಿದು ಸಣ್ಣ ಹನಿಯಾಗಿ ತೇಲುತ್ತದೆ, ಅದು ಮಂಜು. ಇನ್ನು ಊಟಿಯ ಹುಲ್ಲಿನ ಮೇಲೆ ಜನವರಿಯಲ್ಲಿ ಕಾಣೋ ಬಿಳಿ ಪುಡಿ? ಅಲ್ಲಿ ಇಬ್ಬನಿ ಬಿಂದುವೇ ಸೊನ್ನೆಗಿಂತ ಕೆಳಗೆ, ಹಾಗಾಗಿ ಆವಿ ಹನಿಯಾಗದೆ ನೇರ ಮಂಜುಗಡ್ಡೆಯಾಗುತ್ತದೆ. ಎದೆಮಟ್ಟದ ಥರ್ಮಾಮೀಟರು 2 ಡಿಗ್ರಿ ತೋರಿಸುತ್ತಿದ್ದರೂ ಹುಲ್ಲು ಸೊನ್ನೆ ದಾಟಿರಬಹುದು. ಎಲೆಯ ಕತೆಯೇ ಇಲ್ಲೂ.

ಎಲೆ ಒದ್ದೆಯಾದರೆ ದ್ರಾಕ್ಷಿಗೆ ಡೌನಿ ಅನ್ನೋ ಬೂಜು ರೋಗ ತಗಲುತ್ತೆ ಅಂತ ನಿಮಗೆ ಭಯ. ಆ ರೋಗಕ್ಕೆ ಎಲೆ ಒದ್ದೆಯಾಗಿರಬೇಕು, ನಿಮ್ಮ ಭಯ ಸುಳ್ಳಲ್ಲ. ಸೂರ್ಯ ಮುಳುಗಿದ ಮೇಲೆ ಇಬ್ಬನಿ ಬಿಂದು ನೋಡಿ, ರಾತ್ರಿಯ ಕನಿಷ್ಠ ಉಷ್ಣತೆ ಅದಕ್ಕಿಂತ ಮೂರು ಡಿಗ್ರಿಯೊಳಗೆ ಬರುವ ಹಾಗಿದ್ದು, ಆಕಾಶ ಸ್ವಚ್ಛ, ಗಾಳಿ ಇಲ್ಲ ಅಂದರೆ ಎಲೆ ಒದ್ದೆಯಾಗುತ್ತದೆ ಅಂದುಕೊಳ್ಳಿ. ತಗ್ಗಿನ ತೋಟವಾದರೆ ಇನ್ನೂ ಒಂದೆರಡು ಡಿಗ್ರಿ ಬಿಟ್ಟುಕೊಳ್ಳಿ, ತಣ್ಣನೆ ಗಾಳಿ ಅಲ್ಲೇ ಬಂದು ನಿಲ್ಲುತ್ತದೆ.

ಇದನ್ನೆಲ್ಲ ಕೇಳಿದ ಒಬ್ಬರು ನಿನ್ನೆ ಸಂಜೆ ಮತ್ತೆ ಫೋನ್ ಮಾಡಿದರು. ಇಬ್ಬನಿ ಬಿಂದು 9, ಕನಿಷ್ಠ 15. ಎಲೆ ಒಣಗೇ ಇರುತ್ತೆ ಅಂದೆ.

"ಆತ್ರಿ. ಆದ್ರೂ ಒಂದ್ಸಲ ಔಷಧ ಹೊಡೆದು ಬಿಡ್ಲೇನ್ರಿ?"