ಬಾಣಂತಿಯ ಎಡಗಾಲು ಮಾತ್ರ ಊದಿಕೊಂಡರೆ

ಕಾಸರಗೋಡಿನಲ್ಲಿ ನಮ್ಮ ಸ್ಕ್ಯಾನಿಂಗ್ ಕೋಣೆಗೆ ‘ಕಾಲಿನ ಡಾಪ್ಲರ್’ ಎಂದಷ್ಟೇ ಬರೆದ ಚೀಟಿ ಹಿಡಿದು ಬರುವವರು ತುಂಬ ಮಂದಿ. ಡಾಪ್ಲರ್ ಎಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್. ಆದರೆ ಆ ಚೀಟಿ ಸಾಲದು, ಯಾಕೆಂದರೆ ಇದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ನಡೆದಾಗ ಮೀನಖಂಡ ಹಿಡಿದುಕೊಂಡು, ಸ್ವಲ್ಪ ನಿಂತರೆ ನೋವು ಬಿಡುತ್ತದೆ ಎಂದಾದರೆ ನಾವು ನೋಡಬೇಕಾದ್ದು ರಕ್ತವನ್ನು ಕೆಳಗೆ ಒಯ್ಯುವ ಅಪಧಮನಿಯನ್ನು. ಅಲ್ಲಿ ರಕ್ತ ಓಡುವ ವೇಗ ಅಳೆಯುತ್ತೇವೆ. ಒಂದು ಜಾಗದಲ್ಲಿ ವೇಗ ಅದಕ್ಕಿಂತ ಮೇಲಿನ ಭಾಗದ ಎರಡು ಪಟ್ಟಾದರೆ, ನಾಳ ಅಲ್ಲಿ ಅರ್ಧದಷ್ಟಾದರೂ ಕಿರಿದಾಗಿದೆ ಎಂದು ಲೆಕ್ಕ. ಕಾಲು ಊದಿದ್ದರೆ, ರಕ್ತವನ್ನು ಮೇಲಕ್ಕೆ ತರುವ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದೆಯೇ ಎಂದು ಹುಡುಕಬೇಕು. ನಾನಿಲ್ಲಿ ಹೇಳುವುದು ಈ ಎರಡನೆಯದರ ಬಗ್ಗೆ.

ಪೆರ್ಲದ ಕಡೆಯ ಒಬ್ಬ ಬಾಣಂತಿ ತಾಯಿಮನೆಯಿಂದ ಬಂದಿದ್ದಳು. ಸಿಸೇರಿಯನ್ ಆಗಿ ಎರಡು ವಾರ. ಎಡಗಾಲು ಪಾದದಿಂದ ತೊಡೆಯವರೆಗೆ ಊದಿತ್ತು, ಬಲಗಾಲು ಸರಿಯಾಗಿಯೇ ಇತ್ತು. “ಬಾಣಂತಿಗೆ ಕಾಲಿಗೆ ನೀರು ಬರುವುದು ಇದ್ದದ್ದೇ ಅಲ್ವಾ ಡಾಕ್ಟ್ರೇ? ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದ್ದೇವೆ,” ಎಂದರು ಅವಳ ಅಮ್ಮ. ನೀರು ಬರುವುದು ನಿಜ, ಆದರೆ ಅದು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ಊದಿದರೆ ಹೆಪ್ಪಿನ ಸಂಶಯ ಮೊದಲು ಬರಬೇಕು. ಸಂಶಯ ಇರುವ ಕಾಲನ್ನು ತಿಕ್ಕಲೂಬಾರದು. ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ.

ಹೆಪ್ಪು ಹುಡುಕುವ ಮುಖ್ಯ ಕೆಲಸ ಡಾಪ್ಲರಿನ ಬಣ್ಣದ ಚಿತ್ರದ್ದಲ್ಲ, ಒತ್ತುವುದರದ್ದು. ತೊಡೆಸಂದಿನಿಂದ ಮೊಣಕಾಲಿನ ಕೆಳಗಿನವರೆಗೆ ಸುಮಾರು ಎರಡೆರಡು ಸೆಂಟಿಮೀಟರಿಗೆ ಒಮ್ಮೆ ಸ್ಕ್ಯಾನಿಂಗ್ ಯಂತ್ರದ ಕೈಹಿಡಿ, ಅಂದರೆ ಪ್ರೋಬ್, ಇಟ್ಟು ಒತ್ತುತ್ತಾ ಬರುತ್ತೇವೆ. ಆರೋಗ್ಯವಂತ ಅಭಿಧಮನಿ ಒತ್ತಿದ ಕೂಡಲೇ ಪೂರ್ತಿ ಚಪ್ಪಟೆಯಾಗಿ ಮಾಯವಾಗುತ್ತದೆ. ಒಳಗೆ ಹೆಪ್ಪಿದ್ದರೆ ಆಗುವುದಿಲ್ಲ. ಹೊಸ ಹೆಪ್ಪು ಪರದೆಯಲ್ಲಿ ರಕ್ತದ ಹಾಗೇ ಕಪ್ಪಾಗಿ ಕಾಣಬಹುದು, ಸುಮ್ನೆ ನೋಡಿದರೆ ಗೊತ್ತೇ ಆಗದು. ಹಾಗಾಗಿ ಒತ್ತಲೇಬೇಕು.

ಇವಳ ಕಾಲಿನಲ್ಲಿ ಎಲ್ಲ ಕಡೆಯೂ ನಾಳ ಚಪ್ಪಟೆಯಾಯಿತು. ‘ಹೆಪ್ಪು ಇಲ್ಲ’ ಎಂದು ಬರೆದು ಕಳಿಸುವ ಅಪಾಯ ಇರುವುದು ಇಲ್ಲೇ. ತೊಡೆಸಂದಿನಿಂದ ಮೇಲೆ ನಾಳ ಹೊಟ್ಟೆಯೊಳಗೆ, ಆಳಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ಒತ್ತಡ ಮುಟ್ಟುವುದಿಲ್ಲ. ಬಾಣಂತಿಯರಲ್ಲೂ ಗರ್ಭಿಣಿಯರಲ್ಲೂ ಹೆಪ್ಪು ಹಲವು ಬಾರಿ ಅಲ್ಲೇ ಕೂತಿರುತ್ತದೆ, ಅದೂ ಜಾಸ್ತಿ ಎಡಗಡೆ. ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡಲಾಗಿ ಹಾದು, ಅದನ್ನು ಬೆನ್ನುಮೂಳೆಗೆ ಒತ್ತಿ ಹಿಡಿಯುತ್ತದೆ. ಗರ್ಭಕೋಶದ ಭಾರವೂ ಸೇರಿದರೆ ರಕ್ತ ಅಲ್ಲಿ ನಿಧಾನವಾಗುತ್ತದೆ.

ಡಾಪ್ಲರ್ ನಿಜವಾಗಿ ಕೆಲಸಕ್ಕೆ ಬರುವುದು ಈಗ. ಬಲಗಡೆಯ ತೊಡೆಸಂದಿನಲ್ಲಿ ಪ್ರೋಬ್ ಇಟ್ಟು, ಅವಳಿಗೆ ಮಾಮೂಲಿನಂತೆ ಉಸಿರಾಡಲು ಹೇಳಿದೆ. ಉಸಿರು ಒಳಗೆ ಎಳೆದಾಗ ಹೊಟ್ಟೆಯ ಒತ್ತಡ ಏರಿ ರಕ್ತದ ಹರಿವು ತಗ್ಗಿತು, ಬಿಟ್ಟಾಗ ಜೋರಾಯಿತು. ಪರದೆಯ ಮೇಲೆ ಗೆರೆ ಏರುತ್ತಾ ಇಳಿಯುತ್ತಾ ಸಾಗಿತು. ಎಡಗಡೆ ಇಟ್ಟರೆ ಗೆರೆ ಏರಿಳಿತವೇ ಇಲ್ಲದೆ ಒಂದೇ ಸಮ ಓಡಿತು. ಉಸಿರಿನ ಪ್ರಭಾವ ಕೆಳಗೆ ತಲುಪುತ್ತಿಲ್ಲ ಎಂದರೆ ನಡುವೆ ಏನೋ ತಡೆ ಇದೆ. ಎರಡೂ ಕಡೆ ನೋಡಿ ಹೋಲಿಸದಿದ್ದರೆ ಈ ಸುಳಿವು ಕೈ ತಪ್ಪುತ್ತದೆ.

ಬೇರೆ ಪ್ರೋಬಿನಿಂದ ಹೊಟ್ಟೆಯ ಕೆಳಭಾಗ ನೋಡಿದೆ, ಗ್ಯಾಸ್ ಅಡ್ಡ ಬಂದು ಸ್ಪಷ್ಟವಾಗಲಿಲ್ಲ. ಮಂಗಳೂರಿನಲ್ಲಿ ಅಭಿಧಮನಿಗಳ ಸಿಟಿ ಮಾಡಿಸಿದಾಗ ತೊಡೆಸಂದಿನಿಂದ ಮೇಲಿನ ನಾಳವಾದ ಎಡಗಡೆಯ ಇಲಿಯಾಕ್ ಅಭಿಧಮನಿಯಲ್ಲಿ ಹೆಪ್ಪು ಕಂಡಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರುವಾಯಿತು, ಆಮೇಲೆ ಅದೇ ಕೆಲಸದ ವಾರ್ಫರಿನ್ ಮಾತ್ರೆ. ಎರಡನ್ನೂ ತೆಗೆದುಕೊಳ್ಳುತ್ತಾ ಮಗುವಿಗೆ ಹಾಲು ಕೊಡಬಹುದು. ಒಟ್ಟು ಚಿಕಿತ್ಸೆ ಕಡಿಮೆಯೆಂದರೆ ಮೂರು ತಿಂಗಳು ಬೇಕು.

ಈ ಉಸಿರಿನ ಗೆರೆಯನ್ನೂ ಪೂರ್ತಿ ನಂಬುವಂತಿಲ್ಲ. ಹೆಪ್ಪು ನಾಳವನ್ನು ಅರ್ಧ ಮಾತ್ರ ತುಂಬಿದ್ದರೆ ಗೆರೆ ಸರಿಯಾಗಿಯೇ ಕಾಣಬಹುದು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗದು, ಹೆರಿಗೆಯಾದ ಮೇಲೆ ಕೆಲವು ವಾರ ಅದು ಹೇಗೂ ಏರಿರುತ್ತದೆ. ಆದ್ದರಿಂದ ಸ್ಕ್ಯಾನ್ ಸರಿ ಇದ್ದೂ ತೊಡೆಯ ಊತ ಇಳಿಯದಿದ್ದರೆ, ಸೊಂಟದ ಭಾಗದ ಸಿಟಿಯನ್ನೋ ಎಂಆರ್‌ಐಯನ್ನೋ ಮಾಡಿಸಬೇಕು, ಇಲ್ಲವೇ ಒಂದು ವಾರದೊಳಗೆ ಮತ್ತೆ ಡಾಪ್ಲರ್ ಮಾಡಿಸಬೇಕು. ನಡುವೆ ಏದುಸಿರು ಬಂದರೆ, ಉಸಿರು ಎಳೆದಾಗ ಎದೆ ನೋವಾದರೆ ವಾರ ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.