ಅಡುಗೆ ಕಟ್ಟೆಯ ಎತ್ತರ: ಮೇಸ್ತ್ರಿಯ 33 ಇಂಚು ಸರಿಯೋ, 36 ಇಂಚು ಸರಿಯೋ?

ಓದುಗರ ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಅಡುಗೆ ಕಟ್ಟೆ 2 ಅಡಿ 9 ಇಂಚು ಇದ್ದರೆ ಸಾಕು ಎಂದು ಮೇಸ್ತ್ರಿಯವರು ಹೇಳುತ್ತಾರೆ. ಮಾಡ್ಯುಲರ್ ಕಿಚನ್ ಮಾಡಿಕೊಡುವವರು 3 ಅಡಿಗಿಂತ ಕಡಿಮೆ ಬೇಡ, ಅದೇ ಸ್ಟ್ಯಾಂಡರ್ಡ್ ಎನ್ನುತ್ತಾರೆ. ನಾನು 5 ಅಡಿ ಎತ್ತರ, ನನ್ನ ಪತಿ 5 ಅಡಿ 8 ಇಂಚು. ಇಬ್ಬರೂ ಅಡುಗೆ ಮಾಡುತ್ತೇವೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಮನೆಯ ಮಟ್ಟಿಗೆ ಮೇಸ್ತ್ರಿಯವರ 33 ಇಂಚೇ ಸರಿ. ಆದರೆ ಆ 33 ಇಂಚನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಎಂದು ಕೇಳದೆ ಒಪ್ಪಿಕೊಳ್ಳಬೇಡಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಟ್ಟೆಯ ಎತ್ತರವನ್ನು ನಿಜವಾಗಿ ತೀರ್ಮಾನಿಸುವುದು ನಿಮ್ಮ ಮೊಣಕೈ. ಮನೆಯೊಳಗೆ ಹಾಕುವ ಚಪ್ಪಲಿ ಹಾಕಿಕೊಂಡು ನೇರವಾಗಿ ನಿಂತು, ತೋಳನ್ನು ಮೈಗೆ ಅಂಟಿಸಿ, ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಮಡಚಿ. ಮೊಣಕೈಯ ಕೆಳಭಾಗದಿಂದ ನೆಲದವರೆಗೆ ಬೇರೆಯವರಿಂದ ಅಳತೆ ಹಿಡಿಸಿ. 5 ಅಡಿ ಎತ್ತರದವರಿಗೆ ಇದು ಸುಮಾರು 38 ಇಂಚು ಬರುತ್ತದೆ. ತರಕಾರಿ ಹೆಚ್ಚುವಂಥ ಕೆಲಸಕ್ಕೆ ಕಟ್ಟೆಯ ಮೇಲ್ಮೈ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿರಬೇಕು. ಆಗ ಮುಂಗೈ ಸ್ವಲ್ಪ ಕೆಳಮುಖವಾಗಿ ಇಳಿಯುತ್ತದೆ, ಭುಜ ಸಡಿಲವಾಗಿರುತ್ತದೆ, ಬೆನ್ನು ಬಾಗುವುದಿಲ್ಲ. ನಿಮಗೆ ಅದು 32ರಿಂದ 34 ಇಂಚು. ಕಟ್ಟೆ ಅದಕ್ಕಿಂತ ತಗ್ಗಿದರೆ ಸೊಂಟದಿಂದ ಬಾಗುತ್ತೀರಿ, ನೋವು ಕೆಳಬೆನ್ನಿಗೆ ಬರುತ್ತದೆ. ಅದಕ್ಕಿಂತ ಎತ್ತರವಾದರೆ ಚಾಕು ಹಿಡಿದ ಕೈಗೆ ಜಾಗ ಮಾಡಲು ಭುಜವನ್ನು ಮೇಲೆತ್ತುತ್ತೀರಿ, ನೋವು ಕತ್ತಿಗೂ ಭುಜಕ್ಕೂ ಬರುತ್ತದೆ. ಈಗಿರುವ ಮನೆಯಲ್ಲಿ ಅಡುಗೆ ಮುಗಿಸಿದ ಮೇಲೆ ಎಲ್ಲಿ ನೋಯುತ್ತದೆ ಎಂದು ಗಮನಿಸಿದರೆ ಅಲ್ಲಿನ ಕಟ್ಟೆ ತಗ್ಗೋ ಎತ್ತರವೋ ಎಂಬ ಸುಳಿವು ಸಿಗುತ್ತದೆ.

ಹಾಗಾದರೆ 36 ಇಂಚು ಎಲ್ಲಿಂದ ಬಂತು? ಅದು ಅಮೆರಿಕದ ಅಳತೆ. ಅಲ್ಲಿ ಲಿಲಿಯನ್ ಗಿಲ್ಬ್ರೆತ್ ಎಂಬ ಎಂಜಿನಿಯರ್ 1920ರ ದಶಕದ ಕೊನೆಯಲ್ಲೇ ಅಡುಗೆಮನೆಯ ಕೆಲಸವನ್ನು ಕಾರ್ಖಾನೆಯ ಕೆಲಸದಷ್ಟೇ ಸೂಕ್ಷ್ಮವಾಗಿ ಗಮನಿಸಿ, ಕೆಲಸ ಮಾಡುವವಳ ಎತ್ತರಕ್ಕೆ ತಕ್ಕಂತೆ ಕಟ್ಟೆ ಇರಬೇಕು ಎಂದು ವಾದಿಸಿದ್ದರು. ಆದರೆ ಕಪಾಟು, ಸ್ಟೌ, ಸಿಂಕು ಎಲ್ಲವೂ ಕಾರ್ಖಾನೆಯಿಂದ ಬಂದು ಒಂದೇ ಸಾಲಿನಲ್ಲಿ ಕೂಡಬೇಕಾದಾಗ ಎಲ್ಲದಕ್ಕೂ ಒಂದೇ ಎತ್ತರ ಬೇಕಾಯಿತು, 36 ಇಂಚು ನೆಲೆಗೊಂಡಿತು. ಮೊಣಕೈ 40ರಿಂದ 42 ಇಂಚಿನಲ್ಲಿರುವವರಿಗೆ, ಎಂದರೆ ಹೆಚ್ಚುಕಡಿಮೆ 5 ಅಡಿ 4 ಇಂಚಿನಿಂದ 5 ಅಡಿ 7 ಇಂಚು ಇರುವವರಿಗೆ ಅದು ಒಗ್ಗುತ್ತದೆ. ನಿಮಗೆ ಒಗ್ಗುವುದಿಲ್ಲ. ಸ್ಟ್ಯಾಂಡರ್ಡ್ ಎಂಬ ಮಾತು ಕೇಳಿದಾಗ ಯಾರ ಮೈಯಳತೆಗೆ ಸ್ಟ್ಯಾಂಡರ್ಡ್ ಎಂದು ತಿರುಗಿ ಕೇಳುವ ಹಕ್ಕು ನಿಮಗಿದೆ.

36 ಇಂಚನ್ನು ನಮ್ಮಲ್ಲಿಗೆ ಹಾಗೆಯೇ ತರುವುದಕ್ಕೆ ಇನ್ನೂ ದೊಡ್ಡ ತೊಡಕೊಂದಿದೆ. ಅಮೆರಿಕದ ಮನೆಗಳಲ್ಲಿ ಒಲೆಯ ಮೇಲ್ಭಾಗವೂ ಕಟ್ಟೆಯ ಮಟ್ಟದಲ್ಲೇ ಇರುತ್ತದೆ. ನಮ್ಮಲ್ಲಿ ಕಟ್ಟೆಯ ಮೇಲೆ ಗ್ಯಾಸ್ ಸ್ಟೌ ಕೂರುತ್ತದೆ, ಅದರ ಮೇಲೆ ಪಾತ್ರೆ. ನಿಮ್ಮದೇ ಲೆಕ್ಕ ಹಾಕೋಣ. ಕಟ್ಟೆ 33 ಇಂಚು, ಸ್ಟೌವಿನ ಕಾಲಿನಿಂದ ಪಾತ್ರೆ ಕೂರುವ ಕಂಬಿಯವರೆಗೆ 5 ಇಂಚು, ಕುಕ್ಕರಿನ ಎತ್ತರ 7 ಇಂಚು ಎಂದಿಟ್ಟುಕೊಳ್ಳಿ. ಕುಕ್ಕರಿನ ಬಾಯಿ 45 ಇಂಚಿಗೆ ಬರುತ್ತದೆ. ನಿಮ್ಮ ಮೊಣಕೈ ಇರುವುದು 38ರಲ್ಲಿ, ಭುಜ ಸುಮಾರು 49ರಲ್ಲಿ. ಸಾರಿಗೆ ಸೌಟು ಹಾಕಿ ತಿರುವುವಾಗ ಕೈಯನ್ನು ಹೆಚ್ಚುಕಡಿಮೆ ಭುಜದ ಮಟ್ಟಕ್ಕೆ ಎತ್ತಿ ಹಿಡಿದಿರುತ್ತೀರಿ, ಪಾತ್ರೆಯ ತಳ ಕಾಣಿಸುವುದಿಲ್ಲ, ಹಬೆ ನೇರವಾಗಿ ಮುಖಕ್ಕೆ ಬರುತ್ತದೆ. ಕಟ್ಟೆಯನ್ನು 36 ಮಾಡಿಸಿದರೆ ಇದೆಲ್ಲಕ್ಕೂ ಇನ್ನು 3 ಇಂಚು ಸೇರಿಸಿಕೊಳ್ಳಿ.

ಇದಕ್ಕೆ ಎರಡು ದಾರಿಗಳಿವೆ. ಸ್ಟೌ ಇಡುವ ಭಾಗವನ್ನಷ್ಟೇ 4 ಇಂಚು ತಗ್ಗಿಸಿ 29 ಇಂಚಿಗೆ ಕಟ್ಟಿಸಬಹುದು. ಆಗ ಕುಕ್ಕರಿನ ಬಾಯಿ 41ಕ್ಕೆ ಇಳಿಯುತ್ತದೆ. ಅಥವಾ ಕಲ್ಲನ್ನು ಕೊರೆದು ಕೂರಿಸುವ ಹಾಬ್ ಹಾಕಿಸಬಹುದು. ಅದರ ಕಂಬಿ ಕಟ್ಟೆಯಿಂದ ಸುಮಾರು 2 ಇಂಚು ಮಾತ್ರ ಮೇಲಿರುವುದರಿಂದ ಬಾಯಿ 42ರಲ್ಲಿ ನಿಲ್ಲುತ್ತದೆ. ನಾನು ಮೊದಲನೆಯದನ್ನೇ ಇಷ್ಟಪಡುತ್ತೇನೆ. ಮುದ್ದೆ ತಿರುವುವ ಮನೆಯಾದರೆ ಅದರ ಬೆಲೆ ಬೇಗ ತಿಳಿಯುತ್ತದೆ. ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ಹಿಟ್ಟಿಗೆ ಕೋಲು ಹಾಕುವಾಗ ಬೇಕಾಗುವುದು ತೋಳಿನ ಬಲವಲ್ಲ, ಮೈಭಾರ. ಕೈ ಕೆಳಗಿದ್ದರೆ ಮಾತ್ರ ಮೈಭಾರ ಅದರ ಮೇಲೆ ಬೀಳುತ್ತದೆ. ಜೋಳದ ರೊಟ್ಟಿ ಬಡಿಯುವುದಕ್ಕೂ ಚಪಾತಿ ಹಿಟ್ಟು ನಾದುವುದಕ್ಕೂ ಇದೇ ಮಾತು: ಇಂಥ ಕೆಲಸಕ್ಕೆ ಮೊಣಕೈಗಿಂತ 8 ಇಂಚಿನಷ್ಟು ಕೆಳಗಿನ ಜಾಗ ಹಿತ. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಿದ್ದವರು ನಿಲ್ಲುವ ಕಟ್ಟೆಗೆ ಬಂದ ಮೇಲೆ ಮಣಿಕಟ್ಟು ನೋಯುತ್ತದೆ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ತಗ್ಗಿಸುವಾಗ ಎರಡು ಎಚ್ಚರಿಕೆ. ಸಿಲಿಂಡರ್ ಅಡುಗೆಮನೆಯಲ್ಲೇ ಇರುವುದಾದರೆ ಒಲೆ ಯಾವಾಗಲೂ ಅದಕ್ಕಿಂತ ಎತ್ತರದಲ್ಲಿರಬೇಕು. ಆದ್ದರಿಂದ 29 ಇಂಚಿಗಿಂತ ಕೆಳಗೆ ಹೋಗಬೇಡಿ. ಇನ್ನೊಂದು, ತಗ್ಗಿನ ಭಾಗ ಸ್ಟೌವಿನಷ್ಟೇ ಅಗಲವಿದ್ದರೆ ಸಾಲದು. ಬಿಸಿ ಪಾತ್ರೆಯನ್ನು ಮೆಟ್ಟಿಲು ಹತ್ತಿಸುವ ಹಾಗೆ ಪ್ರತಿ ಸಲ ಎತ್ತಿ ಮೇಲಿಡಬೇಕಾಗುತ್ತದೆ. ಇಳಿಸಿದ ಪಾತ್ರೆಗೆ ಪಕ್ಕದಲ್ಲೇ ಒಂದು ಅಡಿಯಾದರೂ ಜಾಗ ಬಿಡಿಸಿ.

ಸಿಂಕಿನ ಲೆಕ್ಕ ಇದಕ್ಕೆ ತಿರುಗಮುರುಗ. ಅಲ್ಲಿ ಕೈ ಕೆಲಸ ಮಾಡುವುದು ಅಂಚಿನಲ್ಲಲ್ಲ, 8 ಇಂಚು ಕೆಳಗಿನ ತಳದಲ್ಲಿ. ಹಾಗಾಗಿ ಸಿಂಕಿರುವ ಭಾಗ 34 ಅಥವಾ 35 ಇಂಚು ಇದ್ದರೂ ನಡೆಯುತ್ತದೆ. ಪಾತ್ರೆ ತೊಳೆಯುವವರ ಬೆನ್ನು ಉಳಿಯುತ್ತದೆ.

ಇನ್ನು ನಿಮ್ಮ ಪತಿಯವರ ವಿಷಯ. ಅವರ ಮೊಣಕೈ ಸುಮಾರು 43 ಇಂಚಿನಲ್ಲಿರುತ್ತದೆ, ಅವರಿಗೆ ಬೇಕಾದದ್ದು 37ರಿಂದ 39 ಇಂಚಿನ ಕಟ್ಟೆ. ಇಬ್ಬರಿಗೂ ಮಧ್ಯದ 35 ಇಂಚು ಮಾಡಿಸೋಣ ಎನಿಸುವುದು ಸಹಜ, ಆದರೆ ಆಗ ಇಬ್ಬರಿಗೂ ಸರಿಹೊಂದುವುದಿಲ್ಲ. ಇಬ್ಬರಲ್ಲಿ ಗಿಡ್ಡವಿರುವವರ ಅಳತೆಗೆ ಕಟ್ಟಿಸಿ. ಎತ್ತರದವರು 2 ಇಂಚು ದಪ್ಪದ ಮರದ ಹಲಗೆಯ ಮೇಲೆ ತರಕಾರಿ ಹೆಚ್ಚಿದರೆ ಅರ್ಧದಷ್ಟು ಕೊರತೆ ತುಂಬುತ್ತದೆ. ಕಟ್ಟೆ ಎತ್ತರವಾದರೆ ಗಿಡ್ಡವಿರುವವರು ಮಣೆ ಹಾಕಿಕೊಂಡು ನಿಲ್ಲಬೇಕು. ಒದ್ದೆ ನೆಲದಲ್ಲಿ, ಕೈಯಲ್ಲಿ ಕುದಿಯುವ ಪಾತ್ರೆ ಹಿಡಿದು ಮಣೆಯಿಂದ ಇಳಿಯುವುದನ್ನು ನಾನು ಯಾರಿಗೂ ಹೇಳಲಾರೆ.

ಅಂಕಿಗಳ ಮೇಲೆ ನಂಬಿಕೆ ಬಾರದಿದ್ದರೆ ಒಂದು ಸಂಜೆ ಪರೀಕ್ಷೆ ಮಾಡಿ. ಊಟದ ಮೇಜು ಸಾಮಾನ್ಯವಾಗಿ 30 ಇಂಚು ಇರುತ್ತದೆ. ಅದರ ಮೇಲೆ ಅಲುಗಾಡದಂತೆ ದಪ್ಪ ಪುಸ್ತಕಗಳನ್ನೂ ಮೇಲೊಂದು ಹಲಗೆಯನ್ನೂ ಜೋಡಿಸಿ 33 ಇಂಚು ಮಾಡಿಕೊಂಡು, ಅರ್ಧ ಕಿಲೋ ಹುರುಳಿಕಾಯಿ ಹೆಚ್ಚಿ. ಮರುದಿನ 36ಕ್ಕೆ ಏರಿಸಿ ಇನ್ನರ್ಧ ಕಿಲೋ ಹೆಚ್ಚಿ. ಎರಡು ನಿಮಿಷದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಹತ್ತು ನಿಮಿಷ ಕಳೆದ ಮೇಲೆ ಭುಜವೇ ಹೇಳುತ್ತದೆ.

ಕಟ್ಟೆಯ ಅಗಲ ಸಾಮಾನ್ಯವಾಗಿ 24 ಇಂಚು. ಬಾಗದೆ ಕೈಚಾಚಿದರೆ ಹಿಂದಿನ ಗೋಡೆ ಸಿಗುವ ದೂರ ಅದು. ಮೇಲಿನ ಕಪಾಟಿನ ಆಳ 12 ಇಂಚಿಗೆ ನಿಲ್ಲುವುದು, ಮುಂದಕ್ಕೆ ಬಾಗಿದಾಗ ಹಣೆಗೆ ತಾಗದಿರಲಿ ಎಂದು. ಕಟ್ಟೆಯಿಂದ 20 ಇಂಚು ಬಿಟ್ಟು ಅದನ್ನು ಹಾಕಿಸಿದರೆ ಕೆಳಗಿನ ತಟ್ಟು 53 ಇಂಚಿನಲ್ಲಿ, ಅದರ ಮೇಲಿನದು 65ರಲ್ಲಿ ಬರುತ್ತದೆ. ಅಲ್ಲಿಯವರೆಗೆ ನಿಮ್ಮ ಕೈ ಸಲೀಸಾಗಿ ಹೋಗುತ್ತದೆ. ಮೂರನೆಯದು ವರ್ಷಕ್ಕೊಮ್ಮೆ ಇಳಿಸುವ ಹಬ್ಬದ ಪಾತ್ರೆಗಳಿಗೆ ಮಾತ್ರ.

ಯಾರೂ ಕೇಳದ, ಆದರೆ ದಿನವೂ ಕಾಡುವ ಅಳತೆಯೊಂದಿದೆ. ಹಳೆಯ ಕಡಪ ಕಲ್ಲಿನ ಕಟ್ಟೆಗಳ ಕೆಳಗೆ ಬಾಗಿಲಿರಲಿಲ್ಲ, ನಿಂತವರ ಕಾಲ್ಬೆರಳು ತಾನಾಗಿ ಒಳಗೆ ಹೋಗುತ್ತಿತ್ತು. ಈಗ ನೆಲದವರೆಗೆ ಬಾಗಿಲು ಬಂದರೆ ಬೆರಳು ಅದಕ್ಕೆ ತಾಗುತ್ತದೆ, ನಿಂತವರು ಮೂರು ಇಂಚು ಹಿಂದೆ ಸರಿಯುತ್ತಾರೆ, ಆ ಮೂರು ಇಂಚನ್ನು ಬೆನ್ನು ಬಾಗಿ ತುಂಬಿಸಿಕೊಡಬೇಕು. ಎತ್ತರ ಸರಿಯಿದ್ದರೂ ಬೆನ್ನು ನೋಯುವ ಮನೆಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಕಪಾಟಿನ ತಳದಲ್ಲಿ 4 ಇಂಚು ಎತ್ತರ, 3 ಇಂಚು ಆಳದ ಸಂದು ಬಿಡಿಸಿ.

ಈಗ ಮೇಸ್ತ್ರಿಯವರ ಟೇಪಿಗೆ ಬರೋಣ. ನಮ್ಮದೇ ಮನೆಯಲ್ಲಿ 33 ಇಂಚು ಎಂದು ಒಪ್ಪಿಕೊಂಡ ಕಟ್ಟೆ ಮನೆ ಮುಗಿದಾಗ ಮೂವತ್ತೂವರೆ ಇಂಚಿಗೆ ಬಂದು ನಿಂತಿತ್ತು. ಅಮ್ಮ ಹನ್ನೊಂದು ವರ್ಷ ಅದರ ಮುಂದೆ ಬಾಗಿ ಅಡುಗೆ ಮಾಡಿದರು. ಆಗಿದ್ದಿಷ್ಟೇ: ಕಟ್ಟೆ ಕಟ್ಟುವಾಗ ನೆಲಕ್ಕೆ ಟೈಲ್ಸ್ ಹಾಕಿರಲಿಲ್ಲ, ಒರಟು ಕಾಂಕ್ರೀಟಿನಿಂದ 33 ಅಳೆದಿದ್ದರು. ಆಮೇಲೆ 2 ಇಂಚು ಗಾರೆ, ಅದರ ಮೇಲೆ ಅರ್ಧ ಇಂಚಿನ ಟೈಲ್ಸ್ ಬಂತು. ನೆಲ ಎರಡೂವರೆ ಇಂಚು ಮೇಲೆದ್ದಿತು, ಕಟ್ಟೆ ಇದ್ದಲ್ಲೇ ಉಳಿಯಿತು.

ಆದ್ದರಿಂದ ಕೆಲಸ ಶುರುವಾಗುವ ಮುನ್ನ ಟೈಲ್ಸ್ ಬಂದ ಮೇಲಿನ ನೆಲದ ಮಟ್ಟವನ್ನು ಗೋಡೆಯ ಮೇಲೆ ಗೆರೆ ಎಳೆಸಿ. ಆ ಗೆರೆಯಿಂದ 33 ಇಂಚು ಮೇಲೆ ಗ್ರಾನೈಟಿನ ಮೇಲ್ಮೈ ಬರಬೇಕು. ಗ್ರಾನೈಟ್ ಮುಕ್ಕಾಲು ಇಂಚು, ಅದರ ಕೆಳಗಿನ ಗಾರೆ ಮುಕ್ಕಾಲು ಇಂಚು, ಒಟ್ಟು ಒಂದೂವರೆ ಇಂಚು ಕಳೆದರೆ ಅವೆರಡನ್ನೂ ಹೊರುವ ಕಡಪ ಕಲ್ಲಿನ ಮೇಲ್ಮೈ ಮೂವತ್ತೊಂದೂವರೆ ಇಂಚಿನಲ್ಲಿರಬೇಕು. ಅದನ್ನೇ ಈಗಿನ ಒರಟು ನೆಲದಿಂದ ಅಳೆದರೆ ಎರಡೂವರೆ ಸೇರಿ ಸರಿಯಾಗಿ 34 ಇಂಚು. ನಿಮ್ಮ ಟೈಲ್ಸ್, ಗ್ರಾನೈಟಿನ ದಪ್ಪ ಬೇರೆಯಿದ್ದರೆ ಅಷ್ಟು ಬದಲಿಸಿಕೊಳ್ಳಿ. ಸ್ಟೌ ಇಡುವ ಭಾಗಕ್ಕೆ ಇದೇ ಲೆಕ್ಕದಲ್ಲಿ 30 ಬರುತ್ತದೆ. ಎರಡೂ ಅಂಕಿಗಳನ್ನು ಮೇಸ್ತ್ರಿಯವರ ಮುಂದೆಯೇ ಗೋಡೆಯ ಮೇಲೆ ಬರೆಯಿಸಿ, ಕಲ್ಲು ಕೂರಿಸುವ ದಿನ ಟೇಪು ಹಿಡಿದು ನೀವೇ ಅಲ್ಲಿರಿ.